ಚೀಟಿ ಅಕ್ಕನ ಇಳಿಕೆ ಪುಸ್ತಕ

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ. ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ನಾನು ಬಾಗಿಲ ಹಿಂದೆ ನಿಂತು ನೊರೆ ಎಷ್ಟು, ಹಾಲು ಎಷ್ಟು ಅಂತ ನೋಡುವವನು. ಲೆಕ್ಕ ಬರೆಯುವವನಿಗೆ ಈ ಬುದ್ಧಿ ಇರಲೇಬೇಕು ಅಂತ ನನ್ನ ವಾದ. "ಇರಲಿ, ಆದ್ರೆ ಅದನ್ನ ಅಂಗಡಿಯಲ್ಲೇ ಬಿಟ್ಟು ಬನ್ನಿ" ಅಂತ ಅವಳ ವಾದ. ಹದಿನೆಂಟು ವರ್ಷದಿಂದ ಈ ವಾದ ಮುಗಿದಿಲ್ಲ.

ನಾನೀಗ ಹೇಳಹೊರಟಿರುವುದು ನನ್ನ ಕಥೆಯಲ್ಲ. ಚೀಟಿ ಅಕ್ಕನದು.

ರೆಡಿಮೇಡ್ ಬಟ್ಟೆ ಅಂಗಡಿಗೆ ನಾನು ಲೆಕ್ಕದವನಾಗಿ ಸೇರಿದಾಗ ಅವರು ಅಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದರು. ಐವತ್ತರ ಆಸುಪಾಸು, ಸಣ್ಣ ಆಳು, ದಪ್ಪ ಗಾಜಿನ ಕನ್ನಡಕ. ಮದುವೆಯಾಗಿರಲಿಲ್ಲ. ಅಣ್ಣನ ಮನೆಯಲ್ಲಿ ಒಂದು ಕೋಣೆ, ಅದಕ್ಕೆ ತಿಂಗಳು ತಿಂಗಳು ಇಷ್ಟು ಅಂತ ಅತ್ತಿಗೆಯ ಕೈಗೆ ಕೊಡಬೇಕು. ಮೊದಲು ಬಟ್ಟೆ ಮಡಿಸುವ ಕೆಲಸಕ್ಕೆ ಬಂದವರಂತೆ. ಕೈಬರಹ ಚೆನ್ನಾಗಿದೆ ಅಂತ ಯಜಮಾನರ ತಂದೆ ಬೆಲೆ ಚೀಟಿ ಬರೆಯಲು ಕೂರಿಸಿದರು. ಕೂತವರು ಮತ್ತೆ ಏಳಲಿಲ್ಲ. ಬೇರೆ ಅಂಗಡಿಗಳಿಗೆಲ್ಲ ಚೀಟಿ ಹೊಡೆಯುವ ಯಂತ್ರ ಬಂತು, ನಮ್ಮಲ್ಲಿ ಮಾತ್ರ ಅಂಗಿಯ ಗುಂಡಿಯಿಂದ ದಾರದಲ್ಲಿ ತೂಗುವ ಚೀಟಿಯ ಮೇಲೆ ಅವರ ದುಂಡಗಿನ ಅಂಕಿಗಳೇ. ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ನಾಲ್ಕು ಅಕ್ಷರ. ಗಿರಾಕಿಗೆ ಅದೇನೋ ಗೀಚಿದ ಹಾಗೆ ಕಾಣುತ್ತದೆ. ಅದು ನಾವು ಕೊಟ್ಟ ಖರೀದಿ ಬೆಲೆ, ಗುಟ್ಟಿನ ಅಕ್ಷರಗಳಲ್ಲಿ. ಆ ಗುಟ್ಟು ಗೊತ್ತಿದ್ದದ್ದು ಮೂರೇ ಜನಕ್ಕೆ: ಯಜಮಾನರಿಗೆ, ನನಗೆ, ಚೀಟಿ ಅಕ್ಕನಿಗೆ.

ನನ್ನ ಅನುಮಾನಕ್ಕೆ ಬೇರು ಬಿಡಲು ಅಷ್ಟು ಮಣ್ಣು ಸಾಕಾಗಿತ್ತು.

ಈಗ ಸ್ವಲ್ಪ ಲೆಕ್ಕ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಅಂಗಡಿಯಲ್ಲಿ ಮೂರು ಸಾವಿರಕ್ಕೂ ಮೀರಿ ಬಟ್ಟೆ ಇರುತ್ತದೆ. ಮೂರು ತಿಂಗಳಿಗೊಮ್ಮೆ ಎಷ್ಟು ಸರಕು ಉಳಿದಿದೆ ಅಂತ ಯಜಮಾನರಿಗೆ ಬೇಕು. ಪ್ರತಿ ಸಲ ಒಂದೊಂದೇ ಎಣಿಸುತ್ತ ಕೂತರೆ ವ್ಯಾಪಾರ ಮಾಡುವವರು ಯಾರು? ಅದಕ್ಕೇ ಎಣಿಸದೆ ಅಂದಾಜು ಕಟ್ಟುವ ಒಂದು ವಿಧಾನ ಉಂಟು. ವರ್ಷದ ಶುರುವಿನಲ್ಲಿದ್ದ ಸರಕನ್ನೂ ಆಮೇಲೆ ಬಂದ ಸರಕನ್ನೂ ಎರಡು ಬೆಲೆಯಲ್ಲಿ ಬರೆದಿಡಬೇಕು. ಒಂದು ನಾವು ಕೊಟ್ಟದ್ದು, ಇನ್ನೊಂದು ಚೀಟಿಯ ಮೇಲೆ ಹಾಕಿದ್ದು. ನಾನು ಸೇರಿದ ವರ್ಷ ಕೊಟ್ಟದ್ದು ಒಟ್ಟು ಹದಿನೈದು ಲಕ್ಷ, ಚೀಟಿಯ ಬೆಲೆಯಲ್ಲಿ ಇಪ್ಪತ್ತನಾಲ್ಕು ಲಕ್ಷ. ಅಂದರೆ ಚೀಟಿಯಲ್ಲಿ ನೂರು ಅಂತಿದ್ದರೆ ನಮ್ಮ ಕೈಯಿಂದ ಹೋದದ್ದು ಅರವತ್ತೆರಡೂವರೆ. ಮಾರಾಟ ಎಷ್ಟಾಯಿತು ಅಂತ ಬಿಲ್ಲಿನ ಯಂತ್ರ ಹೇಳುತ್ತದೆ: ಹದಿನೈದು ಲಕ್ಷದ ಇಪ್ಪತ್ತು ಸಾವಿರ. ಇಪ್ಪತ್ತನಾಲ್ಕರಲ್ಲಿ ಅದನ್ನು ಕಳೆದರೆ ಚೀಟಿಯ ಬೆಲೆಯಲ್ಲಿ ಎಂಟು ಲಕ್ಷದ ಎಂಬತ್ತು ಸಾವಿರದ ಸರಕು ಅಂಗಡಿಯಲ್ಲಿರಬೇಕು. ಅದರ ನೂರಕ್ಕೆ ಅರವತ್ತೆರಡೂವರೆ ಹಿಡಿದರೆ ನಮ್ಮ ಅಸಲು ಐದೂವರೆ ಲಕ್ಷ. ಒಂದು ಅಂಗಿಯನ್ನೂ ಮುಟ್ಟದೆ, ಕುರ್ಚಿಯಲ್ಲಿ ಕೂತೇ ಬಂದ ಉತ್ತರ. ನನಗೆ ಈ ವಿಧಾನ ಅಂದರೆ ಪ್ರಾಣ.

ವರ್ಷಕ್ಕೊಮ್ಮೆ ಮಾತ್ರ ನಿಜವಾಗಿಯೂ ಎಣಿಸುತ್ತೇವೆ. ವಾರದ ರಜೆಯ ದಿನ ಷಟರ್ ಅರ್ಧ ಇಳಿಸಿ, ಎಲ್ಲರೂ ಸೇರಿ ಪ್ರತಿ ಬಟ್ಟೆಯ ಚೀಟಿ ಓದಿ ಬರೆಯುತ್ತೇವೆ. ಅಂದಾಜು ಎಷ್ಟು ಸರಿ ಅಂತ ಅಲ್ಲಿ ಗೊತ್ತಾಗುತ್ತದೆ. ಒಂದೆರಡು ಸಾವಿರ ಕಮ್ಮಿ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಾನು ಸೇರಿದ ಮೇಲಿನ ಮೊದಲ ಎಣಿಕೆಯಲ್ಲಿ ಸಿಕ್ಕಿದ್ದು ಎಂಟು ಲಕ್ಷದ ಹದಿನಾಲ್ಕು ಸಾವಿರದ ಎಂಟುನೂರು. ಅರವತ್ತೈದು ಸಾವಿರದ ಇನ್ನೂರು ಕಮ್ಮಿ. ಎರಡು ಸಲ ಕೂಡಿಸಿದೆ. ಮೂರನೇ ಸಲ ಯಜಮಾನರೇ ಕೂಡಿಸಿದರು. ಅವರ ಕಿವಿ ಕೆಂಪಾಯಿತು.

"ಇಷ್ಟು ಬಟ್ಟೆ ನಡ್ಕೊಂಡು ಹೋಯ್ತಾ?" ಅಂದರು.

ಎಲ್ಲರೂ ಸುಮ್ಮನೆ ನಿಂತಿದ್ದರು. ಚೀಟಿ ಅಕ್ಕ ಮಾತ್ರ ಕನ್ನಡಕ ಸರಿಮಾಡಿಕೊಳ್ಳುತ್ತ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಸರ್, ಇಳಿಕೆ ಕಳೆದ್ರಾ?"

ಬಿಕರಿಯಾಗದ ಬಟ್ಟೆಗೆ ಬೆಲೆ ತಗ್ಗಿಸುವುದಕ್ಕೆ ನಮ್ಮಲ್ಲಿ ಇಳಿಕೆ ಅನ್ನುತ್ತೇವೆ. ಗಾಜಿನ ಹತ್ತಿರ ನೇತುಹಾಕಿ ಬಣ್ಣ ಮಾಸಿದ್ದು, ಕೊನೆಗೆ ಒಂದೇ ಸೈಜ್ ಉಳಿದದ್ದು, ಇಂಥವಕ್ಕೆ ಯಜಮಾನರು ಹೊಸ ಬೆಲೆ ಹೇಳುತ್ತಾರೆ. ಚೀಟಿ ಅಕ್ಕ ಹಳೆ ಚೀಟಿ ತೆಗೆದು ಹೊಸದು ಕಟ್ಟುತ್ತಾರೆ.

ನನಗೆ ರೇಗಿತು. ಚೀಟಿ ಬರೆಯುವವರು ನನಗೆ ಲೆಕ್ಕ ಹೇಳಿಕೊಡುವುದೇ?

"ಆಡಿಟರ್ ಹೇಳಿದಾರೆ ಅಕ್ಕ, ಇಳಿಕೆ ಮುಟ್ಟಬಾರದು ಅಂತ. ನಿಮಗ್ಯಾಕೆ ಇದೆಲ್ಲ?" ಅಂದೆ.

"ಹಳೇ ಲೆಕ್ಕದವರು ಕಳೀತಿದ್ರು."

"ಹಳೇ ಲೆಕ್ಕದವರು ಈಗಿಲ್ಲ."

ಅವರು ಚೀಟಿಯ ಕಟ್ಟು ಎತ್ತಿಕೊಂಡು ತಮ್ಮ ಜಾಗಕ್ಕೆ ಹೋದರು. ಆದರೆ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಇಷ್ಟು ಜನರ ಮಧ್ಯೆ ಇವರೊಬ್ಬರೇ ಯಾಕೆ ಬಾಯಿಬಿಟ್ಟರು? ಕಳ್ಳತನ ಯಾರದು ಅಂತ ಎಲ್ಲರೂ ಯೋಚಿಸುವಾಗ ಇವರಿಗೆ ಲೆಕ್ಕ ಯಾಕೆ ನೆನಪಾಯಿತು?

ಅವತ್ತಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡತೊಡಗಿದೆ. ನೋಡಲು ಶುರು ಮಾಡಿದರೆ ಕಾಣುವುದಕ್ಕೇನು ಬರ. ಊಟದ ಹೊತ್ತಿಗೆ ಎಲ್ಲರೂ ಹಿಂದಿನ ಕೋಣೆಗೆ ಹೋದರೆ ಚೀಟಿ ಅಕ್ಕ ಡಬ್ಬಿ ಹಿಡಿದು ಉಗ್ರಾಣಕ್ಕೆ ಹೋಗುತ್ತಿದ್ದರು, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುವ ಟೈಲರ್ ಜೊತೆ ಪಿಸುಪಿಸು ಮಾತು, ನಾನು ಹೋದರೆ ಇಬ್ಬರೂ ಗಪ್‌ಚುಪ್. ಬೆಳಿಗ್ಗೆ ನೋಡಿದರೆ ಅವರ ಬ್ಯಾಗ್ ಚಪ್ಪಟೆ, ಸಂಜೆ ಒಯ್ಯುವಾಗ ಉಬ್ಬಿರುತ್ತಿತ್ತು. ನನ್ನನ್ನು ಕಂಡರೆ ಅದನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಳ್ಳುತ್ತಿದ್ದರು.

ಟೈಲರನ್ನು ಒಂದು ದಿನ ಟೀ ಕುಡಿಸಿ ಬಾಯಿ ಬಿಡಿಸಲು ನೋಡಿದೆ. ಅವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಆಸಾಮಿ.

"ಅಕ್ಕನಿಗೆ ನಿಮ್ಮ ಮೇಲೇ ಅನುಮಾನ ಸರ್" ಅಂದ.

"ನನ್ನ ಮೇಲಾ?"

"ನೀವು ಬಂದ ವರ್ಷವೇ ಕಮ್ಮಿ ಬಂತಲ್ಲ. ಇಪ್ಪತ್ತಾರು ವರ್ಷ ಬಾರದ್ದು ಈಗ ಯಾಕೆ ಬಂತು ಅಂತಾರೆ." ಹಾಗೆ ಹೇಳಿ ಲೋಟ ಕೆಳಗಿಟ್ಟು ಪೆಡಲ್ ತುಳಿಯತೊಡಗಿದ.

ನನ್ನ ಮೈಯೆಲ್ಲ ಉರಿದುಹೋಯಿತು. ತಮ್ಮ ತಪ್ಪಿನ ಗೂಬೆಯನ್ನು ನನ್ನ ತಲೆ ಮೇಲೆ ಕೂರಿಸಲು ಹೊರಟಿದ್ದಾರೆ ಅಂತ ತೀರ್ಮಾನ ಮಾಡಿಬಿಟ್ಟೆ. ನೇರ ಯಜಮಾನರ ಹತ್ತಿರ ಹೋದೆ. ಎರಡೂ ಬೆಲೆ ಗೊತ್ತಿರುವವರು, ಚೀಟಿ ಕಟ್ಟುವವರು, ಬಿಚ್ಚುವವರು ಒಬ್ಬರೇ, ಅವರ ಬ್ಯಾಗ್ ಸಂಜೆಗೆ ಉಬ್ಬುತ್ತದೆ, ಇಷ್ಟನ್ನೂ ಹೇಳಿದೆ. ಕಳ್ಳಿ ಅಂತ ಮಾತ್ರ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಯಜಮಾನರು ಗಲ್ಲಾಪೆಟ್ಟಿಗೆಯ ಮೇಲೆ ಬೆರಳು ಬಡಿಯತೊಡಗಿದರು. "ನನ್ನನ್ನ ಎತ್ತಿ ಆಡಿಸಿದವರು ಕಣ್ರೀ ಅವರು" ಅಂದರು. ಆದರೂ ಆ ಸಂಜೆ ಅವರನ್ನು ಕರೆದು ಬ್ಯಾಗ್ ತೋರಿಸಲು ಹೇಳಿದರು.

ಅಂಗಡಿಯಲ್ಲಿ ಆಗ ಗಿರಾಕಿಗಳಿರಲಿಲ್ಲ, ಕೆಲಸದವರು ಏಳು ಜನ ಇದ್ದರು. ಚೀಟಿ ಅಕ್ಕ ಏನೂ ಕೇಳದೆ ಬ್ಯಾಗನ್ನು ಕೌಂಟರಿನ ಮೇಲೆ ತಲೆಕೆಳಗು ಮಾಡಿದರು. ಊಟದ ಡಬ್ಬಿ, ಕನ್ನಡಕದ ಡಬ್ಬಿ, ಅರ್ಧ ಖಾಲಿಯಾದ ಮಾತ್ರೆಯ ಹಾಳೆ, ಮಡಿಸುವ ಕೊಡೆ, ಮೂರು ದಪ್ಪ ಪುಸ್ತಕ. ಪುಸ್ತಕದ ಪುಟಗಳಿಗೆ ಏನೇನೋ ಅಂಟಿಸಿ ಅಂಟಿಸಿ ಅವು ಉಬ್ಬಿಕೊಂಡಿದ್ದವು. ನಮ್ಮ ಅಂಗಡಿಯ ಬಟ್ಟೆ ಒಂದು ಕರವಸ್ತ್ರದಷ್ಟೂ ಇರಲಿಲ್ಲ.

"ಇದೇನು?" ಅಂತ ಯಜಮಾನರು ಪುಸ್ತಕ ಎತ್ತಿದರು.

"ಇಳಿಕೆ ಪುಸ್ತಕ" ಅಂದರು ಅಕ್ಕ. "ಬಿಚ್ಚಿದ ಹಳೇ ಚೀಟಿ ಎಲ್ಲ ಅಂಟಿಸಿಟ್ಟಿದೀನಿ. ದಿನಾ ಬೆಳಿಗ್ಗೆ ಉಗ್ರಾಣದಲ್ಲಿ ಬಚ್ಚಿಟ್ಟು, ಮಧ್ಯಾಹ್ನ ಬರೆದು, ಸಂಜೆ ಮನೆಗೆ ತಗೊಂಡು ಹೋಗ್ತೀನಿ. ಇಲ್ಲೇ ಬಿಟ್ರೆ ಯಾರಾದ್ರೂ ಮಾಯ ಮಾಡ್ತಾರೆ ಅಂತ."

ಯಾರಾದರೂ ಅನ್ನುವಾಗ ನನ್ನನ್ನೇ ನೋಡಿದರು. ಬೆಳಿಗ್ಗೆ ಬ್ಯಾಗ್ ಚಪ್ಪಟೆ ಕಾಣುತ್ತಿದ್ದದ್ದು ಯಾಕೆ ಅಂತ ನನಗೂ ಹೊಳೆಯಿತು. ನಾನು ಬರುವಷ್ಟರಲ್ಲಿ ಅವರು ಪುಸ್ತಕಗಳನ್ನು ಒಳಗಿಟ್ಟು ಬಂದಿರುತ್ತಿದ್ದರು. ಆದರೂ ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ ನೋಡಿ: ಖರೀದಿ ಬೆಲೆಯ ಗುಟ್ಟನ್ನೆಲ್ಲ ಎದುರು ಅಂಗಡಿಗೆ ಕೊಡಲು ಒಯ್ಯುತ್ತಿದ್ದಾರೆ ಅಂದುಕೊಂಡೆ.

"ಬೇಕಾದ್ರೆ ನೋಡ್ಕೊಳ್ಳಿ ಸರ್" ಅಂತ ಮೂರನ್ನೂ ನನ್ನ ಕಡೆ ತಳ್ಳಿದರು.

ಯಜಮಾನರು ತಲೆ ಎತ್ತದೆ ಹೇಳಿದರು, "ಈ ತಿಂಗಳು ಮುಗಿಯೋದ್ರೊಳಗೆ ಕೊರತೆ ಎಲ್ಲಿ ಹೋಯ್ತು ಅಂತ ಗೊತ್ತಾಗ್ಬೇಕು ಅಕ್ಕ. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಕೊಬೇಕಾಗುತ್ತೆ." ಆ ಬೀದಿಯಲ್ಲಿ ಹದಿಮೂರು ಬಟ್ಟೆ ಅಂಗಡಿ. ಇಲ್ಲಿಂದ ಕಳ್ಳಿ ಅನ್ನಿಸಿಕೊಂಡು ಹೊರಬಿದ್ದವರಿಗೆ ಉಳಿದ ಹನ್ನೆರಡರಲ್ಲಿ ಕೆಲಸ ಸಿಗುವುದಿಲ್ಲ. ಅತ್ತಿಗೆಯ ಕೈಗೆ ತಿಂಗಳು ತಿಂಗಳು ಬೀಳದಿದ್ದರೆ ಆ ಕೋಣೆಯೂ ಉಳಿಯುವುದಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮನೆಗೆ ಬಂದು ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡೆ. ಎಲ್ಲಾದರೂ ಒಂದು ತಿದ್ದಿದ ಅಂಕಿ ಸಿಕ್ಕರೆ ಸಾಕು ಅಂತ. ಪುಟ ಪುಟಕ್ಕೂ ಹಳೆ ಚೀಟಿ, ಪಕ್ಕದಲ್ಲಿ ಹಳೆ ಬೆಲೆ, ಹೊಸ ಬೆಲೆ, ಎಷ್ಟು ಬಟ್ಟೆ, ತಾರೀಕು. ಕಾಟು ಇಲ್ಲ, ಗೀಟು ಇಲ್ಲ.

ಹೆಂಡತಿ ಬೆಂಡೆಕಾಯಿ ಹೆಚ್ಚುತ್ತ ಒಂದು ಪುಟ ತಿರುಗಿಸಿದಳು. "ಎಷ್ಟು ಚೆಂದ ಬರೀತಾರೆ. ಎಲ್ಲ ಸೇರಿ ಎಷ್ಟಾಗುತ್ತೆ?"

"ಎಲ್ಲ ಸೇರ್ಸೋದು ಯಾತಕ್ಕೆ? ನಾನು ತಪ್ಪು ಹುಡುಕ್ತಾ ಇದೀನಿ."

"ಕೂಡಿಸದೆ ತಪ್ಪು ಹೇಗೆ ಗೊತ್ತಾಗುತ್ತೆ? ನೀವು ತಾನೇ ಲೆಕ್ಕದವರು?"

ಅವಳ ಬಾಯಿ ಮುಚ್ಚಿಸಲಿಕ್ಕಾಗಿ ಕೂಡಿಸಿದೆ. ಹಳೆ ಬೆಲೆ ಹೊಸ ಬೆಲೆಯ ವ್ಯತ್ಯಾಸ, ಎಷ್ಟು ಬಟ್ಟೆಯೋ ಅಷ್ಟರಿಂದ ಗುಣಿಸಿ, ಆ ವರ್ಷದ್ದೆಲ್ಲ. ಅರವತ್ತನಾಲ್ಕು ಸಾವಿರ ಬಂತು.

ಕಮ್ಮಿ ಬಂದಿದ್ದು ಅರವತ್ತೈದು ಸಾವಿರದ ಇನ್ನೂರು.

ಆಗಲೂ ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಕೊರತೆ ಎಷ್ಟು ಅಂತ ಕೇಳಿಸಿಕೊಂಡು ಅದಕ್ಕೆ ತಕ್ಕ ಹಾಗೆ ಪುಸ್ತಕ ಹೊಂದಿಸಿದ್ದಾರೆ ಅಂತ. ಮರುದಿನ ಬೇಗ ಹೋಗಿ ನನ್ನ ಮೇಜಿನ ಕೆಳಗಿನ ಡ್ರಾಯರ್ ಎಳೆದೆ. ಪ್ರತಿ ಇಳಿಕೆಗೂ ಅಕ್ಕ ವಿವರ ಬರೆದ ಒಂದು ಗುಲಾಬಿ ಬಣ್ಣದ ಹಾಳೆ ನನಗೆ ಕಳಿಸುತ್ತಿದ್ದರು. ನಾನು ಸಹಿ ಹಾಕಿ, ಕ್ಲಿಪ್ ಸಿಕ್ಕಿಸಿ, ಅಲ್ಲಿಗೇ ಹಾಕುತ್ತಿದ್ದೆ. ಒಂದೊಂದಾಗಿ ಪುಸ್ತಕದ ಜೊತೆ ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ. ಎಲ್ಲದರ ಕೆಳಗೂ ನನ್ನದೇ ಸಹಿ, ಎಣಿಕೆಗೆ ತಿಂಗಳುಗಟ್ಟಲೆ ಮುಂಚಿನ ತಾರೀಕು.

ಆಮೇಲೆ ನನ್ನ ಹಾಳೆ ತೆಗೆದೆ. ಆಡಿಟರ್ ಹೇಳಿದ್ದು ನಿಜ. ಖರೀದಿಗೂ ಚೀಟಿ ಬೆಲೆಗೂ ಇರುವ ಅನುಪಾತ ಹುಡುಕುವಾಗ ಇಳಿಕೆಯನ್ನು ಒಳಗೆ ತರಬೇಡಿ, ತಂದರೆ ಅನುಪಾತ ಏರಿ, ಉಳಿದ ಸರಕಿಗೆ ಇಲ್ಲದ ಬೆಲೆ ಬಂದುಬಿಡುತ್ತದೆ ಅಂದಿದ್ದರು. ಅದು ಅನುಪಾತದ ಮಾತು. ಉಳಿದ ಸರಕು ಎಷ್ಟು ಅಂತ ನೋಡುವಾಗ ಮಾರಾಟದ ಜೊತೆ ಇಳಿಕೆಯನ್ನೂ ಕಳೆಯಲೇಬೇಕು. ನಾನು ಅರ್ಧ ಮಾತು ಕೇಳಿ ಇಳಿಕೆಯ ಸಾಲನ್ನೇ ಹಾಳೆಯಿಂದ ಅಳಿಸಿಬಿಟ್ಟಿದ್ದೆ. ಐನೂರರ ಅಂಗಿಯನ್ನು ಮುನ್ನೂರೈವತ್ತಕ್ಕೆ ಇಳಿಸಿ ಮಾರಿದರೆ ಯಂತ್ರದಲ್ಲಿ ಮುನ್ನೂರೈವತ್ತೇ ಕಾಣುತ್ತದೆ. ಅಂಗಿ ಗಿರಾಕಿಯ ಮೈಮೇಲೆ ಹೋಗಿ ಎಷ್ಟೋ ಕಾಲ ಆಯಿತು, ಅದರ ನೂರೈವತ್ತು ಮಾತ್ರ ನನ್ನ ಹಾಳೆಯಲ್ಲಿ ಇನ್ನೂ ಅಂಗಡಿಯಲ್ಲೇ ಇತ್ತು. ಅಂಥ ನೂರೈವತ್ತು, ಎಂಬತ್ತು, ಇನ್ನೂರು ಎಲ್ಲ ಸೇರಿ ಅರವತ್ತನಾಲ್ಕು ಸಾವಿರ. ಕಳೆದು ನೋಡಿದರೆ ಅಂಗಡಿಯಲ್ಲಿರಬೇಕಾದದ್ದು ಎಂಟು ಲಕ್ಷದ ಹದಿನಾರು ಸಾವಿರ. ಅಸಲಿಗೆ ತಂದರೆ ಐದು ಲಕ್ಷದ ಹತ್ತು ಸಾವಿರ. ಐದೂವರೆ ಲಕ್ಷ ಅಂತ ನಾನು ಬರೆದುಕೊಟ್ಟಿದ್ದೆ.

ಬಟ್ಟೆ ಎಲ್ಲಿಗೂ ಹೋಗಿರಲಿಲ್ಲ. ಹೋದದ್ದು ನನ್ನ ಬುದ್ಧಿ.

ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಡ್ರಾಯರ್ ಮುಚ್ಚಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು ಅಂತಲೂ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಯಜಮಾನರು ಬಂದರು. ಹಾಳೆ ಮುಂದಿಟ್ಟು ಎಲ್ಲ ಹೇಳಿದೆ. ಅವರು ಎರಡು ಸಲ ಕೇಳಿ ಅರ್ಥ ಮಾಡಿಕೊಂಡು, ಉಸಿರು ಬಿಟ್ಟು, "ಸದ್ಯ" ಅಂದರು. "ಹೋಗ್ಲಿ ಬಿಡಿ. ಎಣಿಕೆಯಲ್ಲಿ ಎಡವಟ್ಟಾಗಿತ್ತು ಅಂತ ನಾನೇ ಅಕ್ಕನಿಗೆ ಹೇಳ್ತೀನಿ. ನಿಮ್ಮ ಮರ್ಯಾದೆ ಯಾಕೆ ಹೋಗ್ಬೇಕು?"

ನನಗೂ ಅದೇ ಬೇಕಾಗಿತ್ತು. ಆದರೆ ಎಣಿಸಿದವರಲ್ಲಿ ಅಕ್ಕನೂ ಒಬ್ಬರು. ಎಣಿಕೆಯಲ್ಲಿ ಎಡವಟ್ಟು ಅಂದರೆ ತಪ್ಪು ಮತ್ತೆ ಅವರ ಕಡೆಗೇ ಸುತ್ತಿಕೊಂಡು ಬರುತ್ತದೆ. "ಬೇಡ ಸಾರ್, ಎಲ್ಲರ ಮುಂದೆ ನಾನೇ ಹೇಳ್ತೀನಿ" ಅಂದೆ. ಎಲ್ಲಿಂದ ಬಂತೋ ಆ ಧೈರ್ಯ.

ಅಂಗಡಿ ತೆರೆಯುವ ಮುಂಚೆ ಏಳೂ ಜನರನ್ನು ಕೌಂಟರಿನ ಹತ್ತಿರ ಕರೆದೆವು. ಟೈಲರ್ ಗುಂಡುಸೂಜಿ ತೆಗೆದು ಕಾಲರಿಗೆ ಚುಚ್ಚಿಕೊಂಡ. ಚೀಟಿ ಅಕ್ಕ ಕೊನೆಯಲ್ಲಿ ನಿಂತರು, ಬ್ಯಾಗ್ ಹೆಗಲ ಮೇಲೆ. ನಾನು ಪುಸ್ತಕಗಳನ್ನು ಅವರ ಕೈಗೆ ಕೊಟ್ಟು ಹೇಳಿದೆ: ತಪ್ಪು ನನ್ನದು, ಇಳಿಕೆ ಕಳೆಯದೆ ಲೆಕ್ಕ ಹಾಕಿದ್ದೆ, ಅಕ್ಕ ಅವತ್ತೇ ಕೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ. ಅರವತ್ತೈದು ಸಾವಿರದ ಇನ್ನೂರರಲ್ಲಿ ಅರವತ್ತನಾಲ್ಕು ಸಾವಿರ ಎಲ್ಲೂ ಕಳೆದೇ ಹೋಗಿಲ್ಲ.

ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಅಕ್ಕನ ಮುಖ ಸಡಿಲವಾಯಿತು. ಎಣಿಕೆಯಾದ ಈ ಹತ್ತು ದಿನ ಆ ಮುಖ ಹೇಗಿತ್ತು ಅಂತ ನನಗೆ ಆಗಲೇ ಗೊತ್ತಾದದ್ದು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ನಾನೂ ನಿಮ್ಮ ಮೇಲೆ ಅನುಮಾನ ಪಟ್ಟೆ ಸರ್. ಅದು ನನ್ನ ತಪ್ಪು" ಅಂದರು.

ಅಲ್ಲಿಗೆ ಮುಗಿಯಬೇಕಿತ್ತು. ಯಜಮಾನರು ಬೆರಳು ಮಡಿಸುತ್ತ ಕೇಳಿದರು, "ಹಾಗಾದ್ರೆ ಉಳಿದ ಸಾವಿರದ ಇನ್ನೂರು?"

"ಅದು ಯಾವ ಅಂಗಡಿಯಲ್ಲೂ ಆಗೋದೇ ಸಾರ್. ಯಾರೋ ಗಿರಾಕಿ ಎತ್ತಿರ್ತಾರೆ, ಎಲ್ಲೋ ಬಿಲ್ ತಪ್ಪಿರುತ್ತೆ" ಅಂದೆ. ಹೇಳಿದ್ದು ಸರಿಯೇ. ಆದರೆ ಹೇಳುತ್ತಿರುವಾಗಲೇ ನನ್ನ ಕಣ್ಣು ಅಕ್ಕನ ಹೆಗಲ ಮೇಲಿನ ಬ್ಯಾಗಿಗೆ ಹೋಗಿಬಂತು. ಬೇಕಂತ ಅಲ್ಲ. ಕಣ್ಣು ತಾನೇ ಹೋಯಿತು, ಅರೆಕ್ಷಣ ಅಷ್ಟೇ.

ಚೀಟಿ ಅಕ್ಕ ಅದನ್ನು ನೋಡಿದರು. ಕನ್ನಡಕ ಕೈಯಲ್ಲಿತ್ತು, ಆದರೂ ನೋಡಿದರು.

ಅವರು ಸಿಟ್ಟಾಗಲಿಲ್ಲ. ಕನ್ನಡಕ ಹಾಕಿಕೊಂಡು, ಪುಸ್ತಕಗಳನ್ನು ಕೌಂಟರಿನ ಮೇಲೆ ಒಂದರ ಮೇಲೊಂದು ಸರಿಯಾಗಿ ಜೋಡಿಸಿಟ್ಟು, ಯಜಮಾನರ ಕಡೆ ತಿರುಗಿದರು. "ತಿಂಗಳ ಕೊನೆಗೆ ನನ್ನ ಲೆಕ್ಕ ಮುಗಿಸಿಬಿಡಪ್ಪ" ಅಂದರು. "ಕೆಲಸ ಬೇರೆ ಕಡೆ ಸಿಗುತ್ತೆ. ಕಳ್ಳಿ ಅಲ್ಲ ಅಂತ ಈಗ ಎಲ್ಲರಿಗೂ ಗೊತ್ತಾಯ್ತಲ್ಲ."

ಯಜಮಾನರು ಎಷ್ಟೋ ಸಮಾಧಾನ ಹೇಳಿದರು, ಸಂಬಳ ಏರಿಸುತ್ತೇನೆ ಅಂದರು. ಅಕ್ಕ ಯಾಕೆ ಹೋಗುತ್ತಿದ್ದಾರೆ ಅಂತ ಅವರಿಗೆ ಕೊನೆವರೆಗೂ ತಿಳಿಯಲಿಲ್ಲ. ನನಗೆ ತಿಳಿದಿತ್ತು, ನಾನು ಬಾಯಿ ಬಿಡಲಿಲ್ಲ.